ಕಾಲ್ ಮಧ್ಯೆ ಕೆನ್ನೆ ತಾಗಿ ಕಟ್ ಆಗುತ್ತಿದೆಯಾ? ಪ್ರಾಕ್ಸಿಮಿಟಿ ಸೆನ್ಸರ್ ಪರೀಕ್ಷೆಯಿಂದ ರಿಪೇರಿವರೆಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಚಳಿಯಲ್ಲಿ ಒಂದು ಬೆಳಿಗ್ಗೆ ಶ್ರೀನಿವಾಸಪುರದ ಕಡೆಯ ಟೊಮೆಟೊ ಬೆಳೆಗಾರರೊಬ್ಬರು ಕೋಲಾರದ ನಮ್ಮ ಅಂಗಡಿಗೆ ಬಂದು ಫೋನನ್ನು ಕೌಂಟರ್ ಮೇಲೆ ಕುಕ್ಕಿದರು. ತಲೆಗೆ ಕಪ್ಪು ಮಂಕಿ ಕ್ಯಾಪ್, ಹೆಗಲ ಮೇಲೆ ಟವಲ್. ಟೊಮೆಟೊ ಮಂಡಿಯಿಂದ ನೇರ ಬಂದಿದ್ದರು.

"ಏನಪ್ಪಾ ಇದು, ಮಗನಿಗೆ ರೇಟ್ ಹೇಳೋಣ ಅಂತ ಫೋನ್ ಮಾಡಿದ್ರೆ ಬಾಕ್ಸಿಗೆ ನಾನೂರ ಅನ್ನೋ ಹೊತ್ತಿಗೆ ಕಟ್ ಆಗುತ್ತೆ. ಅವನು ಅಲ್ಲಿ ನಾನೂರ ಎಷ್ಟು, ನಾನೂರ ಎಷ್ಟು ಅಂತ ಒದ್ದಾಡ್ತಾನೆ. ಸಿಮ್ ಬದಲಾಯಿಸಿದೆ, ಆದ್ರೂ ಅದೇ ಕತೆ."

ಸಿಮ್ ತಪ್ಪೇನೂ ಇರಲಿಲ್ಲ. ಅವರ ಕೆನ್ನೆಯೇ ಕಾಲ್ ಕಟ್ ಮಾಡುತ್ತಿತ್ತು. ಫೋನ್ ಕಿವಿಗೆ ಹಿಡಿದಾಗ ಸ್ಕ್ರೀನ್ ಆರಬೇಕು, ಅವರದ್ದು ಆರುತ್ತಿರಲಿಲ್ಲ. ಹೊತ್ತಿಕೊಂಡೇ ಇರುವ ಸ್ಕ್ರೀನಿನಲ್ಲಿ ಕೆಂಪು ಬಟನ್ ಸರಿಯಾಗಿ ಕೆನ್ನೆ ಇರುವ ಜಾಗಕ್ಕೇ ಬರುತ್ತದೆ, ಅಲ್ವಾ.

ಈ ತೊಂದರೆಗೆ ಎರಡು ಮುಖ ಇದೆ. ಒಂದು, ಸ್ಕ್ರೀನ್ ಕಪ್ಪಾಗಿ ಮತ್ತೆ ಹೊತ್ತುವುದೇ ಇಲ್ಲ. ಇನ್ನೊಂದು, ಸ್ಕ್ರೀನ್ ಆರುವುದೇ ಇಲ್ಲ. ನಾನಿಲ್ಲಿ ಬರೆಯುತ್ತಿರುವುದು ಎರಡನೆಯದರ ಬಗ್ಗೆ. ಮೊದಲನೆಯದು ಕಣ್ಣಿಗೆ ಹೊಡೆದ ಹಾಗೆ ಗೊತ್ತಾಗುತ್ತದೆ, ಜನ ಅದೇ ದಿನ ಅಂಗಡಿಗೆ ಬರುತ್ತಾರೆ. ಎರಡನೆಯದಕ್ಕೆ ತಿಂಗಳುಗಟ್ಟಲೆ ನೆಟ್‌ವರ್ಕ್‌ಗೆ ಬೈಯುತ್ತಾ ಕೂರುತ್ತಾರೆ.

ಒಳಗೆ ಏನಾಗುತ್ತದೆ

ಇಯರ್‌ಪೀಸ್ ಪಕ್ಕದಲ್ಲಿ, ಗಾಜಿನ ಕೆಳಗೆ, ಅಕ್ಕಿ ಕಾಳಿನಷ್ಟು ಚಿಕ್ಕ ಒಂದು ಭಾಗ ಇರುತ್ತದೆ, ಅದೇ ಪ್ರಾಕ್ಸಿಮಿಟಿ ಸೆನ್ಸರ್. ಅದರಲ್ಲಿ ಒಂದು ಕಡೆಯಿಂದ ಇನ್‌ಫ್ರಾರೆಡ್ ಬೆಳಕು ಹೊರಗೆ ಹೋಗುತ್ತದೆ. ಇದು ಟಿವಿ ರಿಮೋಟ್ ತುದಿಯಲ್ಲಿ ಇರುವಂಥದೇ ಬೆಳಕು, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕೆನ್ನೆ ಹತ್ತಿರ ಬಂದರೆ ಆ ಬೆಳಕು ಬಡಿದು ವಾಪಸ್ ಬರುತ್ತದೆ, ಪಕ್ಕದ ರಿಸೀವರ್ ಅದನ್ನು ಅಳೆಯುತ್ತದೆ. ಫೋನ್ ನೋಡುವುದು ಒಂದೇ ಲೆಕ್ಕ: ಎದುರು ಏನೂ ಇಲ್ಲದಾಗ ಬರುವ ಅಂಕಿಗಿಂತ ಈಗಿನ ಅಂಕಿ ಎಷ್ಟು ಜಾಸ್ತಿ? ಆ ಹೆಚ್ಚಳ ಒಂದು ಗಡಿ ದಾಟಿದರೆ 'ಹತ್ತಿರ', ಸ್ಕ್ರೀನ್ ಆಫ್. ದಾಟದಿದ್ದರೆ 'ದೂರ', ಸ್ಕ್ರೀನ್ ಆನ್.

ಎದುರು ಏನೂ ಇಲ್ಲದಾಗ ಅಂಕಿ ಸೊನ್ನೆ ಇರುತ್ತದೆ ಅಂದುಕೊಳ್ಳಬೇಡಿ. ಫೋನಿನ ಗಾಜೇ ಸ್ವಲ್ಪ ಬೆಳಕನ್ನು ಒಳಗಿನಿಂದಲೇ ವಾಪಸ್ ಕಳಿಸುತ್ತದೆ. ಇದಕ್ಕೆ ನಾನು ಖಾಲಿ ಅಂಕಿ ಅನ್ನುತ್ತೇನೆ. ಧೂಳು, ಬೆವರು, ತಲೆ ಎಣ್ಣೆ, ಮೇಲೊಂದು ಟೆಂಪರ್ಡ್ ಗ್ಲಾಸ್, ಇವೆಲ್ಲ ಈ ಖಾಲಿ ಅಂಕಿಯನ್ನು ಏರಿಸುತ್ತವೆ. ಎಷ್ಟೋ ಫೋನ್‌ಗಳು ಈ ಖಾಲಿ ಅಂಕಿಯನ್ನು ಆಗಾಗ ತಾವೇ ಹೊಸದಾಗಿ ಗುರುತು ಹಾಕಿಕೊಳ್ಳುತ್ತವೆ. ಅಂಕಿ ಏರಿದ್ದಾಗ ಗುರುತು ಹಾಕಿಕೊಂಡರೆ ಗಡಿಯೂ ಅದರ ಜೊತೆ ಮೇಲೆ ಹೋಗುತ್ತದೆ. ಆಮೇಲೆ ನಿಮ್ಮ ಕೆನ್ನೆ ಬಂದು ಒತ್ತಿಕೊಂಡರೂ ಆ ಗಡಿ ಮುಟ್ಟುವಷ್ಟು ಬೆಳಕು ವಾಪಸ್ ಬರುವುದಿಲ್ಲ. 'ಸೆನ್ಸರ್ ಸತ್ತಿದೆ' ಅಂತ ಹೇಳುವ ಫೋನ್‌ಗಳಲ್ಲಿ ತುಂಬಾ ಸಲ ಸೆನ್ಸರ್ ಬದುಕಿಯೇ ಇರುತ್ತದೆ, ಅದಕ್ಕೆ ಕಾಣುತ್ತಿರುವುದಿಲ್ಲ ಅಷ್ಟೇ.

ಹಂತ 1: ಕಟ್ ಮಾಡುತ್ತಿರುವುದು ಕೆನ್ನೆಯಾ, ನೆಟ್‌ವರ್ಕಾ?

ಮನೆಯವರಿಗೇ ಒಂದು ಕಾಲ್ ಮಾಡಿ. ಸ್ಪೀಕರ್ ಹಾಕಬೇಡಿ. ಫೋನ್ ಟೇಬಲ್ ಮೇಲಿಟ್ಟು, ಇಯರ್‌ಪೀಸ್ ಇರುವ ಜಾಗವನ್ನು ಅಂಗೈಯಿಂದ ಮುಚ್ಚಿ. ಸ್ಕ್ರೀನ್ ಆರಿ, ಕೈ ತೆಗೆದ ಕೂಡಲೇ ಹೊತ್ತಬೇಕು. ಹಾಗಾಗುತ್ತಿದ್ದರೆ ಅರ್ಧ ಪಾಸ್. ಅರ್ಧ ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಕ್ರೀನ್ ಆರಲಿಲ್ಲ ಅಂದರೆ ಮೊದಲು ಬ್ಲೂಟೂತ್ ನೋಡಿ. ಬ್ಯಾಗಿನೊಳಗೆ ಆನ್ ಆಗಿ ಬಿದ್ದಿರುವ ಇಯರ್‌ಬಡ್ಸೋ, ಹೊರಗೆ ನಿಂತಿರುವ ಕಾರೋ ಕನೆಕ್ಟ್ ಆಗಿರಬಹುದು. ದನಿ ಇಯರ್‌ಪೀಸಿಗೆ ಹೋಗುತ್ತಿದ್ದಾಗ ಮಾತ್ರ ಫೋನ್ ಈ ಸೆನ್ಸರನ್ನು ನಂಬಿ ಸ್ಕ್ರೀನ್ ಆರಿಸುತ್ತದೆ. ಸ್ಪೀಕರ್, ಬ್ಲೂಟೂತ್, ಇಯರ್‌ಫೋನ್ ಯಾವುದಾದರೂ ಇದ್ದರೆ ಸ್ಕ್ರೀನ್ ಹೊತ್ತಿರುವುದೇ ಸರಿ, ಅದು ರೋಗ ಅಲ್ಲ.

ಇನ್ನೊಂದು ಪರೀಕ್ಷೆ. ಯಾವ ಜಾಗದಲ್ಲಿ, ಯಾವ ಹೊತ್ತಲ್ಲಿ ಕಾಲ್ ಕಟ್ ಆಗುತ್ತದೋ ಅಲ್ಲೇ ನಾಲ್ಕೈದು ಕಾಲ್‌ಗಳನ್ನು ಇಯರ್‌ಫೋನ್ ಹಾಕಿ ಮಾತಾಡಿ. ಆಗಲೂ ಕಟ್ ಆದರೆ ಅದು ನೆಟ್‌ವರ್ಕ್, ಈ ಬರಹ ನಿಮಗೆ ಉಪಯೋಗವಿಲ್ಲ. ಕಟ್ ಆಗದಿದ್ದರೆ ಕೆನ್ನೆ. ಕೆನ್ನೆಯ ಕೆಲಸಕ್ಕೆ ಬೇರೆ ಗುರುತುಗಳೂ ಇವೆ. ನಿಮಗೆ ಅವರ ದನಿ ಕೇಳುತ್ತಿರುತ್ತದೆ, ಅವರು ಮಾತ್ರ 'ಹಲೋ ಹಲೋ' ಅನ್ನುತ್ತಿರುತ್ತಾರೆ, ನೋಡಿದರೆ ಮ್ಯೂಟ್ ಬಟನ್ ಒತ್ತಿಕೊಂಡಿರುತ್ತದೆ. ಇಲ್ಲಾ ಕಾಲ್ ಹೋಲ್ಡ್‌ಗೆ ಹೋಗಿರುತ್ತದೆ. ಮಾತಿನ ಮಧ್ಯೆ ಕೀಪ್ಯಾಡ್‌ನ ಟುಂಯ್ ಟುಂಯ್ ಸದ್ದು ಬರುತ್ತದೆ. ನೆಟ್‌ವರ್ಕ್ ಎಷ್ಟೇ ಕೆಟ್ಟಿರಲಿ, ಮ್ಯೂಟ್ ಬಟನ್ ಒತ್ತಲು ಅದಕ್ಕೆ ಬೆರಳಿಲ್ಲ.

ಹಂತ 2: ನಿಮ್ಮ ಫೋನಿನಲ್ಲಿ ಆ ಸೆನ್ಸರ್ ಇದೆಯಾ ಅಂತ ನೋಡಿ

ಇದು ತಮಾಷೆ ಪ್ರಶ್ನೆ ಅಲ್ಲ. ಈಗಿನ ಎಷ್ಟೋ ಫೋನ್‌ಗಳಲ್ಲಿ ಇನ್‌ಫ್ರಾರೆಡ್ ಸೆನ್ಸರೇ ಇಲ್ಲ. ಅಂಚು ಸಣ್ಣ ಮಾಡಬೇಕು, ಖರ್ಚು ಉಳಿಸಬೇಕು ಅಂತ ಅದನ್ನು ಕಿತ್ತು ಹಾಕಿ, ಬದಲಿಗೆ ಸಾಫ್ಟ್‌ವೇರ್‌ನಿಂದ ಊಹೆ ಮಾಡಿಸುತ್ತಾರೆ. 2016ರಲ್ಲಿ ಬಂದ ಶಿಯೋಮಿ ಮಿ ಮಿಕ್ಸ್ ಇಯರ್‌ಪೀಸ್ ಪಕ್ಕದ ಸೆನ್ಸರ್ ಬಿಟ್ಟು ಅಲ್ಟ್ರಾಸೌಂಡ್ ಬಳಸಿತು, ಆಮೇಲೆ ಈ ದಾರಿ ಕಡಿಮೆ ಬೆಲೆಯ ಫೋನ್‌ಗಳಿಗೂ ಬಂತು. ಸ್ಯಾಮ್‌ಸಂಗ್ ತನ್ನ ಕೆಲವು ಎ ಸರಣಿ ಫೋನ್‌ಗಳ ವಿವರದಲ್ಲಿ `Virtual Proximity Sensing` ಅಂತಲೇ ಬರೆದಿರುತ್ತದೆ. ಹಾಗಿದ್ದರೆ ಒಳಗೆ ಬಿಡಿಭಾಗ ಇಲ್ಲ ಅಂತ ಅರ್ಥ.

ಕಂಪ್ಯೂಟರ್ ಇದ್ದು, ಅದರಲ್ಲಿ `adb` ಹಾಕಿಕೊಂಡಿದ್ದು, ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಲು ಬರುತ್ತದೆ ಅಂದರೆ ಈ ಒಂದು ಸಾಲು ಸಾಕು:

```
adb shell "dumpsys sensorservice | grep -i prox"
```

ಉತ್ತರದಲ್ಲಿ ಸೆನ್ಸರ್ ಹೆಸರು ಬರುತ್ತದೆ. ಹೆಸರಿನಲ್ಲಿ `virtual`, `elliptic`, `ultrasound` ಥರದ ಪದ ಇದ್ದರೆ ಅದು ಸಾಫ್ಟ್‌ವೇರ್ ಸೆನ್ಸರ್, ನೀವು ನೇರ ಹಂತ 6ಕ್ಕೆ ಹೋಗಿ. ಚಿಪ್ ನಂಬರಿನ ಥರ ಅಕ್ಷರ, ಅಂಕಿ ಸೇರಿದ ಹೆಸರಿದ್ದರೆ ನಿಜವಾದ ಸೆನ್ಸರ್ ಇರುವ ಸಂಭವವೇ ಜಾಸ್ತಿ.

ಕಂಪ್ಯೂಟರ್ ಇಲ್ಲವಾ? ಇನ್ನೊಂದು ಫೋನ್ ಸಾಕು. ಕತ್ತಲೆ ಇರುವ ಕೋಣೆಗೆ ಹೋಗಿ, ಆ ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಮೊದಲು ಟಿವಿ ರಿಮೋಟ್ ತುದಿಯನ್ನು ಅದಕ್ಕೆ ತೋರಿಸಿ ಬಟನ್ ಒತ್ತಿ. ನೇರಳೆ ಬಣ್ಣದ ಮಿಂಚು ಕಂಡರೆ ಆ ಕ್ಯಾಮೆರಾಗೆ ಇನ್‌ಫ್ರಾರೆಡ್ ಕಾಣುತ್ತದೆ. ಈಗ ತೊಂದರೆ ಇರುವ ಫೋನಿನಿಂದ ಒಂದು ಕಾಲ್ ಮಾಡಿ, ಅದರ ಇಯರ್‌ಪೀಸ್ ಪಕ್ಕವನ್ನು ಕ್ಯಾಮೆರಾಗೆ ತೋರಿಸಿ. ಸಾಸಿವೆಯಷ್ಟು ಚಿಕ್ಕ ನೇರಳೆ ಚುಕ್ಕೆ ಮಿಣುಕುತ್ತಿದ್ದರೆ ಬೆಳಕು ಹೊರಗೆ ಬರುತ್ತಿದೆ. ಸೆನ್ಸರ್ ಎಲ್ಲಿದೆ ಅನ್ನುವ ಸರಿಯಾದ ಜಾಗವೂ ಸಿಕ್ಕಿತು. ಕಾಣದಿದ್ದರೆ ಕೆಟ್ಟಿದೆ ಅಂತ ಮಾತ್ರ ತೀರ್ಮಾನ ಮಾಡಬೇಡಿ. ಕೆಲವು ಸೆನ್ಸರ್‌ಗಳ ಬೆಳಕು ಕ್ಯಾಮೆರಾಗೂ ಸಿಗದಷ್ಟು ಮಂದ ಇರುತ್ತದೆ.

ಹಂತ 3: ಅಂಕಿ ನೋಡಿ, ಊಹೆ ಬೇಡ

ಸ್ಯಾಮ್‌ಸಂಗ್‌ನಲ್ಲಿ ಡಯಲರ್ ತೆರೆದು `*#0*#` ಒತ್ತಿ, ಬರುವ ಪುಟದಲ್ಲಿ ಸೆನ್ಸರ್ ಬಟನ್ ಮುಟ್ಟಿ. ಶಿಯೋಮಿ, ರೆಡ್ಮಿಗಳಲ್ಲಿ `*#*#6484#*#*` ಒತ್ತಿದರೆ ಪರೀಕ್ಷೆಯ ಪಟ್ಟಿ ಬರುತ್ತದೆ, ಅದರಲ್ಲಿ ಪ್ರಾಕ್ಸಿಮಿಟಿ ಹುಡುಕಿ. ಎಲ್ಲ ಮಾಡೆಲ್‌ಗಳಲ್ಲೂ ಈ ಕೋಡ್ ತೆರೆಯುವುದಿಲ್ಲ. ಆಗ ಪ್ಲೇ ಸ್ಟೋರ್‌ನಿಂದ ಸೆನ್ಸರ್ ತೋರಿಸುವ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ. ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ 0 ಮತ್ತು 5 ಅಂತ ಎರಡೇ ಬೆಲೆ ಬರುತ್ತದೆ. 0 ಅಂದರೆ ಹತ್ತಿರ, 5 ಅಂದರೆ ದೂರ. ಅದು ನಿಜವಾಗಿ 5 ಸೆಂಟಿಮೀಟರ್ ಅಳೆದಿದೆ ಅಂದುಕೊಳ್ಳಬೇಡಿ, ಹೆಚ್ಚಿನ ಫೋನ್‌ಗಳಿಗೆ ಇದು ಹೌದು ಇಲ್ಲ ಅನ್ನುವ ಉತ್ತರ ಮಾತ್ರ. ಕಂಪನಿಯ ಪರೀಕ್ಷಾ ಪುಟದಲ್ಲಿ ಕೆಲವೊಮ್ಮೆ ಕಚ್ಚಾ ಅಂಕಿಯೂ ಸಿಗುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ಮೂರು ವಸ್ತು ತೆಗೆದುಕೊಳ್ಳಿ: ಒಂದು ಬಿಳಿ ಕಾಗದ, ನಿಮ್ಮ ಅಂಗೈ, ನಿಮ್ಮ ತಲೆಗೂದಲು. ಮೂರನ್ನೂ ಒಂದೊಂದಾಗಿ ಸೆನ್ಸರ್ ಹತ್ತಿರಕ್ಕೆ ನಿಧಾನವಾಗಿ ತನ್ನಿ. ಬಿಳಿ ಕಾಗದ ಚೆನ್ನಾಗಿ ಬೆಳಕು ವಾಪಸ್ ಕಳಿಸುತ್ತದೆ, ಹಾಗಾಗಿ ಅದು ಎರಡು ಮೂರು ಬೆರಳಿನ ದೂರದಲ್ಲೇ 'ಹತ್ತಿರ' ಆಗಬೇಕು. ಅಂಗೈ ಇನ್ನೂ ಸ್ವಲ್ಪ ಹತ್ತಿರ ಬಂದಾಗ. ಕಪ್ಪು ಕೂದಲು ಇನ್‌ಫ್ರಾರೆಡ್ ಅನ್ನು ನುಂಗಿ ಹಾಕುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚುಕಡಿಮೆ ತಾಗಿಸಬೇಕಾಗುತ್ತದೆ. ಅಂಗೈಗೆ ಸ್ಕ್ರೀನ್ ಆರಿದರೆ ಅರ್ಧ ಪಾಸ್ ಅಂದಿದ್ದು ಇದಕ್ಕೇ. ಅಂಗೈಗೆ ಆರುವ ಫೋನ್, ಕಿವಿ ಮೇಲೆ ಕೂದಲು ಇಳಿಬಿಟ್ಟವರ ಹತ್ತಿರ ಆರದೇ ಇರಬಹುದು.

ನಮ್ಮ ರೈತಣ್ಣನ ಫೋನಿನ ಅಂಕಿಗಳನ್ನು ಹೇಳಿಬಿಡುತ್ತೇನೆ, ಆಗ ವಿಷಯ ಸರಿಯಾಗಿ ಅರ್ಥ ಆಗುತ್ತದೆ. ಅದರ ಪರೀಕ್ಷಾ ಪುಟದಲ್ಲಿ ಕಚ್ಚಾ ಅಂಕಿ ಬರುತ್ತಿತ್ತು. ಎದುರು ಏನೂ ಇಲ್ಲದಾಗ ಸುಮಾರು 310. ಅಂಗೈ ಮುಚ್ಚಿದರೆ 330. ಅಂದರೆ ಹೆಚ್ಚಿದ್ದು ಬರೀ 20. ಆ ಫೋನಿಗೆ ಖಾಲಿ ಅಂಕಿಗಿಂತ ಸುಮಾರು 150 ಜಾಸ್ತಿ ಆದಾಗ ಮಾತ್ರ 'ಹತ್ತಿರ' ಅನ್ನಿಸುತ್ತಿತ್ತು. ನಿಮ್ಮ ಫೋನಿನ ಅಂಕಿಗಳು ಇವೇ ಆಗಿರಬೇಕಿಲ್ಲ, ಪ್ರತಿ ಚಿಪ್‌ಗೂ ಅದರದೇ ಲೆಕ್ಕ. ನೋಡಬೇಕಾದ್ದು ಎರಡೇ: ಖಾಲಿ ಅಂಕಿ ಎಷ್ಟು, ಅಂಗೈ ಇಟ್ಟಾಗ ಎಷ್ಟು ಏರಿತು. ಖಾಲಿ ಅಂಕಿ ದೊಡ್ಡದಾಗಿದ್ದು ಏರಿಕೆ ಸಣ್ಣದಾಗಿದ್ದರೆ ಸೆನ್ಸರ್ ಮುಂದೆ ಏನೋ ಅಡ್ಡ ಇದೆ. ಅಂಕಿ ಸೊನ್ನೆಯಲ್ಲೇ ನಿಂತು, ಏನು ಮಾಡಿದರೂ ಅಲ್ಲಾಡದಿದ್ದರೆ ಸೆನ್ಸರೋ, ಅದನ್ನು ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ ಅಂದರೆ ಫ್ಲೆಕ್ಸೋ ಹೋಗಿದೆ.

ಹಂತ 4: ಟೆಂಪರ್ಡ್ ಗ್ಲಾಸ್ ಕಿತ್ತು ನೋಡಿ

ಜನ ಇದಕ್ಕೆ ಒಪ್ಪುವುದೇ ಇಲ್ಲ. "ಹೊಸದಾಗಿ ಹಾಕಿಸಿದ್ದು, ಬೇರೆ ಏನಾದ್ರೂ ನೋಡಿ" ಅಂತಾರೆ. ನನ್ನ ಮಾತು ಕೇಳಿ, ಒಂದು ಗ್ಲಾಸ್ ಹೋದರೆ ಹೋಗಲಿ, ಫೋನ್ ಬಿಚ್ಚಿಸುವ ಮೊದಲು ಇದನ್ನು ಮಾಡಲೇಬೇಕು.

ಅಂಚಿಗೆ ಕಪ್ಪು ಬಣ್ಣ ಹಚ್ಚಿದ ಗ್ಲಾಸ್‌ಗಳೇ ಇದರಲ್ಲಿ ದೊಡ್ಡ ಖದೀಮರು. ಫೋನಿನ ಅಸಲಿ ಗಾಜಿನಲ್ಲಿ ಸೆನ್ಸರ್ ಮೇಲಿನ ಜಾಗ ನಮಗೆ ಕಪ್ಪಾಗಿ ಕಂಡರೂ, ಅಲ್ಲಿ ಹಚ್ಚಿರುವ ಶಾಯಿ ಇನ್‌ಫ್ರಾರೆಡ್ ಅನ್ನು ಒಳಗೆ ಬಿಡುತ್ತದೆ. ಅಗ್ಗದ ಗ್ಲಾಸಿನ ಕಪ್ಪು ಬರೀ ಬಣ್ಣ, ಏನನ್ನೂ ಬಿಡುವುದಿಲ್ಲ. ಸೆನ್ಸರ್ ಜಾಗಕ್ಕೆ ತೂತು ಬಿಟ್ಟಿದ್ದರೂ ಅದು ನಿಮ್ಮ ಮಾಡೆಲ್‌ಗೆ ಎರಡು ಮಿಲಿಮೀಟರ್ ಆಚೀಚೆ ಇದ್ದರೆ ಮುಗಿಯಿತು. 'ಇದೂ ಕೂರುತ್ತೆ ಅಣ್ಣಾ' ಅಂತ ಬೇರೆ ಮಾಡೆಲ್‌ನ ಗ್ಲಾಸ್ ಅಂಟಿಸಿದಾಗ ಆಗುವುದು ಇದೇ. ಯುವಿ ಅಂಟು ಸುರಿದು ಕೂರಿಸುವ ಗ್ಲಾಸ್ ಇನ್ನೊಂದು ರಗಳೆ. ಅಂಟು ಜಾಸ್ತಿಯಾದರೆ ಇಯರ್‌ಪೀಸ್ ಜಾಲರಿಯೊಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ, ದನಿಯೂ ಕಮ್ಮಿ ಆಗುತ್ತದೆ.

ಗ್ಲಾಸ್ ಕಿತ್ತಮೇಲೆ ಆ ಜಾಗ ಒರೆಸಿ. ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯ ತುದಿಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬಟ್ಟೆಯಿಂದ ಒರೆಸಿ. ಫೋನಿನ ಮೇಲೆ ನೇರ ಸುರಿಯಬೇಡಿ. ಜಾಲರಿಯನ್ನು ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ, ಫೋನನ್ನು ಮುಖ ಕೆಳಗೆ ಮಾಡಿ ಹಿಡಿದು ಉಜ್ಜಿ, ಕೊಳೆ ಕೆಳಗೆ ಉದುರಲಿ. ಪಿನ್ನು, ಸೂಜಿ ದಯವಿಟ್ಟು ಬೇಡ. ಜಾಲರಿ ತೂತಾದರೆ ಆಮೇಲೆ ಧೂಳಿಗೆ ಬಾಗಿಲು ತೆರೆದಿಟ್ಟ ಹಾಗೆ. ಚಿಕ್ಕಬಳ್ಳಾಪುರದ ಕ್ರಷರ್‌ಗಳಲ್ಲಿ ಕೆಲಸ ಮಾಡುವವರ ಫೋನ್‌ಗಳಲ್ಲಿ ಜಾಲರಿ ತುಂಬ ಬಿಳಿ ಕಲ್ಲುಪುಡಿ ಹೆಪ್ಪುಗಟ್ಟಿರುವುದನ್ನು ನೋಡಿದ್ದೇನೆ, ಅಂಥದ್ದನ್ನೂ ಬ್ರಷ್‌ನಲ್ಲೇ ನಿಧಾನವಾಗಿ ತೆಗೆಯಬೇಕು.

ರೈತಣ್ಣನ ಫೋನಿನ ಮೇಲೆ ಕಪ್ಪು ಅಂಚಿನ ಗ್ಲಾಸ್ ಇತ್ತು. ಕಿತ್ತು ಒರೆಸಿದ ಮೇಲೆ ಖಾಲಿ ಅಂಕಿ 190ಕ್ಕೆ ಇಳಿಯಿತು, ಅಂಗೈಗೆ 420 ಬಂತು. ಏರಿಕೆ 230, ಗಡಿ ದಾಟಿತು, ಸ್ಕ್ರೀನ್ ಆರಿತು. ಅವರಿಗೆ ಖುಷಿಯೋ ಖುಷಿ, ಆಗಲೇ ಜೇಬಿಗೆ ಕೈ ಹಾಕಿ ದುಡ್ಡು ತೆಗೆಯುತ್ತಿದ್ದರು.

"ಸ್ವಲ್ಪ ಇರಿ ಅಣ್ಣಾ, ನೀವು ಮಂಡೀಲಿ ಹಿಡಿಯೋ ಹಾಗೇ ಒಂದ್ಸಲ ಕಿವಿಗೆ ಹಿಡೀರಿ" ಅಂದೆ.

ಹಿಡಿದರು. ಮಂಕಿ ಕ್ಯಾಪ್ ಮೇಲೇ ಹಿಡಿದರು. ಸ್ಕ್ರೀನ್ ಆರಲಿಲ್ಲ. ಆ ಕಪ್ಪು ಉಲ್ಲನ್ ತಂದು ಸೆನ್ಸರಿಗೆ ಹಿಡಿದರೆ ಅಂಕಿ 250 ದಾಟುತ್ತಿರಲಿಲ್ಲ. ಏರಿಕೆ ಬರೀ 60. ಅವರು ಮನೆಯಲ್ಲಿ ಮಧ್ಯಾಹ್ನ ಮಾತಾಡುವಾಗ ಒಮ್ಮೊಮ್ಮೆ ಸರಿ ಇರುತ್ತದೆ, ಮಂಡಿಯಲ್ಲಿ ಮುಂಜಾನೆ ಮಾತ್ರ ಖಂಡಿತ ಕಟ್ ಆಗುತ್ತದೆ ಅಂತ ಮೊದಲೇ ಹೇಳಿದ್ದರು, ನಾನು ಅದನ್ನು ಸರಿಯಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಅಂದಹಾಗೆ ಎಲ್ಲ ಕಪ್ಪು ಬಟ್ಟೆಯೂ ಹೀಗೆ ಮಾಡುವುದಿಲ್ಲ. ಕೆಲವು ಬಣ್ಣಗಳು ಕಣ್ಣಿಗೆ ಕಪ್ಪಾಗಿದ್ದರೂ ಇನ್‌ಫ್ರಾರೆಡ್ ಅನ್ನು ಚೆನ್ನಾಗಿ ವಾಪಸ್ ಕಳಿಸುತ್ತವೆ. ನಿಮ್ಮ ಟೋಪಿ, ನಿಮ್ಮ ದುಪಟ್ಟಾ ತಂದು ಹಿಡಿದೇ ನೋಡಬೇಕು.

ಟೋಪಿ ಸರಿಸಿ ಮಾತಾಡಿ ಅಂತ ಹೇಳಿ ಕಳಿಸಬಹುದಿತ್ತು. ಆದರೆ ಗ್ಲಾಸ್ ಇಲ್ಲದೆ, ಒರೆಸಿದ ಮೇಲೂ ಖಾಲಿ ಅಂಕಿ 190 ಅನ್ನುವುದು ನನಗೆ ಸರಿ ಕಾಣಲಿಲ್ಲ. ಅದೇ ಮಾಡೆಲ್‌ನ ಇನ್ನೊಂದು ಫೋನ್ ಅಂಗಡಿಯಲ್ಲಿತ್ತು, ಅದರಲ್ಲಿ 50ರ ಆಸುಪಾಸು ಬರುತ್ತಿತ್ತು. "ಡಿಸ್‌ಪ್ಲೇ ಏನಾದ್ರೂ ಬದಲಾಯಿಸಿದ್ರಾ?" ಅಂತ ಕೇಳಿದೆ. ಯುಗಾದಿ ಹೊತ್ತಿಗೆ ಟ್ರ್ಯಾಕ್ಟರ್ ಮೇಲಿಂದ ಬಿದ್ದು ಒಡೆದಿತ್ತಂತೆ, ಎಲ್ಲೋ ಹಾಕಿಸಿದ್ದರಂತೆ.

ಹಂತ 5: ಡಿಸ್‌ಪ್ಲೇ ಬದಲಾಯಿಸಿದ್ದರೆ ಕಳ್ಳ ಅಲ್ಲೇ ಇರುತ್ತಾನೆ

ಕಾಂಬೋ, ಅಂದರೆ ಡಿಸ್‌ಪ್ಲೇ ಮತ್ತು ಮೇಲಿನ ಗಾಜು ಸೇರಿದ ಒಂದೇ ಭಾಗ, ಅದನ್ನು ಹಾಕಿಸಿದ ಮೇಲೆ ಶುರುವಾದ ಸೆನ್ಸರ್ ತೊಂದರೆಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ.

ಒಂದು, ಸೆನ್ಸರ್ ರಬ್ಬರ್. ಸೆನ್ಸರಿನ ಸುತ್ತ ಒಂದು ಸಣ್ಣ ಕಪ್ಪು ರಬ್ಬರ್ ತೊಟ್ಟಿಲು ಇರುತ್ತದೆ, ಎರಡು ಕಿಟಕಿ, ನಡುವೆ ಒಂದು ಗೋಡೆ. ಬೆಳಕು ಬಿಡುವ ಕಡೆಯಿಂದ ಒಳಗೊಳಗೇ ರಿಸೀವರ್ ಕಡೆಗೆ ಸೋರದ ಹಾಗೆ ಆ ಗೋಡೆ ತಡೆಯುತ್ತದೆ. ಹಳೆ ಡಿಸ್‌ಪ್ಲೇ ಕಿತ್ತಾಗ ಈ ರಬ್ಬರ್ ಅದಕ್ಕೇ ಅಂಟಿಕೊಂಡು ಕಸದ ಬುಟ್ಟಿಗೆ ಹೋಗುತ್ತದೆ. ಅದು ಇಲ್ಲದೆ ಫೋನ್ ಮುಚ್ಚಿದರೂ ಎಲ್ಲ ಕೆಲಸ ಮಾಡುತ್ತದೆ, ಖಾಲಿ ಅಂಕಿ ಮಾತ್ರ ಏರಿ ಕೂರುತ್ತದೆ. ಸೋರಿಕೆ ತೀರಾ ಜಾಸ್ತಿಯಾದರೆ ಉಲ್ಟಾ ರೋಗ ಬರುತ್ತದೆ, ಸ್ಕ್ರೀನ್ ಕಪ್ಪಾಗಿಯೇ ಉಳಿಯುತ್ತದೆ. ಮಧ್ಯಮ ಸೋರಿಕೆಯಾದರೆ ನಮ್ಮ ರೈತಣ್ಣನ ಫೋನಿನ ಹಾಗೆ.

ಎರಡು, ಹೊಸ ಗಾಜಿನ ಶಾಯಿ. ಅಗ್ಗದ ಕಾಂಬೋದಲ್ಲಿ ಸೆನ್ಸರ್ ಜಾಗದ ಕಪ್ಪು ಇನ್‌ಫ್ರಾರೆಡ್ ಬಿಡದ ಬಣ್ಣವಾಗಿದ್ದರೆ ರಬ್ಬರ್ ಎಷ್ಟು ಚೆನ್ನಾಗಿ ಕೂರಿಸಿದರೂ ಉಪಯೋಗವಿಲ್ಲ. ಗುರುತು ಹಿಡಿಯುವುದು ಸುಲಭ. ಅಂಟಿಸುವ ಮೊದಲು ಕಾಂಬೋವನ್ನು ಟಿವಿ ರಿಮೋಟ್ ಮುಂದೆ ಅಡ್ಡ ಹಿಡಿದು, ಸೆನ್ಸರ್ ಜಾಗದ ಮೂಲಕ ಬೆಳಕು ಬರುತ್ತದಾ ಅಂತ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ನೇರಳೆ ಮಿಂಚು ಕಾಣದಿದ್ದರೆ ಆ ಕಾಂಬೋ ವಾಪಸ್ ಮಾಡಿ.

ಮೂರು, ಅಮೋಲೆಡ್ ಫೋನಿಗೆ ಎಲ್‌ಸಿಡಿ ಕಾಂಬೋ. ಕೆಲವು ಫೋನ್‌ಗಳಲ್ಲಿ ಸೆನ್ಸರ್ ಸ್ಕ್ರೀನಿನ ಕೆಳಗೇ ಇರುತ್ತದೆ, ಅಮೋಲೆಡ್ ತೆಳುವಾಗಿರುವುದರಿಂದ ಬೆಳಕು ಅದರ ಮೂಲಕ ಹೋಗಿಬರುತ್ತದೆ. ಎಲ್‌ಸಿಡಿಗೆ ಹಿಂದೆ ಬ್ಯಾಕ್‌ಲೈಟ್ ಪದರಗಳಿವೆ, ಅದರ ಮೂಲಕ ಏನೂ ಕಾಣುವುದಿಲ್ಲ. ಇಲ್ಲಿ ಯಾವ ರಿಪೇರಿಯೂ ಇಲ್ಲ. ಕಾಂಬೋ ಆರಿಸುವಾಗಲೇ ಕೇಳಬೇಕು: "ಇದು ಹಾಕಿದ್ರೆ ಕಾಲ್‌ನಲ್ಲಿ ಸ್ಕ್ರೀನ್ ಆರುತ್ತಾ?" ಕಾಪಿ ಡಿಸ್‌ಪ್ಲೇ ಹಾಕಿಸುವುದು ತಪ್ಪೇನಲ್ಲ, ದುಡ್ಡು ಎಲ್ಲರಿಗೂ ಕಷ್ಟವೇ. ಆದರೆ ಏನು ಕಳೆದುಕೊಳ್ಳುತ್ತಿದ್ದೇವೆ ಅಂತ ಮೊದಲೇ ಗೊತ್ತಿರಬೇಕು.

ಮನೆಯಲ್ಲೇ ಬಿಚ್ಚುವ ಸಾಹಸ ಬೇಡ. ಬಿಸಿ ಮಾಡಿ ಅಂಟು ಸಡಿಲಿಸುವಾಗ ಡಿಸ್‌ಪ್ಲೇ ಬಿರುಕು ಬಿಡುವುದು, ಬ್ಯಾಟರಿಗೆ ಏಟು ಬೀಳುವುದು, ಎರಡೂ ಸುಲಭವಾಗಿ ಆಗುತ್ತವೆ. ಐಫೋನ್ 10ರಿಂದ 12ರವರೆಗಿನ ಮಾಡೆಲ್‌ಗಳಲ್ಲಿ ಇನ್ನೂ ಜೋಪಾನ. ಅವುಗಳಲ್ಲಿ ಇಯರ್‌ಪೀಸ್ ಫ್ಲೆಕ್ಸ್ ಮೇಲೇ ಫೇಸ್ ಐಡಿಗೆ ಬೇಕಾದ ಭಾಗವೂ ಇರುತ್ತದೆ. ಹಳೆಯದನ್ನೇ ಹುಷಾರಾಗಿ ಕಿತ್ತು ಹೊಸ ಡಿಸ್‌ಪ್ಲೇಗೆ ಕೂರಿಸಬೇಕು, ಅದು ಹರಿದರೆ ಫೇಸ್ ಐಡಿಯೂ ಹೋಯಿತು.

ಅಣ್ಣನ ಫೋನ್ ಬಿಚ್ಚಿದಾಗ ರಬ್ಬರ್ ಇರಲೇ ಇಲ್ಲ. ಸೆನ್ಸರ್ ಸ್ವಲ್ಪ ವಾರೆಯಾಗಿ ಕೂತಿತ್ತು, ಅದರ ಮೇಲೆ ಕೆಂಪು ಮಣ್ಣಿನ ತೆಳು ಪದರ. ಕೆಟ್ಟುಹೋದ ಅದೇ ಮಾಡೆಲ್‌ನ ಬೋರ್ಡ್ ಒಂದರಿಂದ ರಬ್ಬರ್ ತೆಗೆದು, ಸೆನ್ಸರ್ ಒರೆಸಿ, ನೇರ ಮಾಡಿ ಕೂರಿಸಿದೆ. ಮುಚ್ಚಿದ ಮೇಲೆ ಖಾಲಿ ಅಂಕಿ 55. ಅಂಗೈಗೆ 600. ಮಂಕಿ ಕ್ಯಾಪಿಗೆ 215, ಅಂದರೆ ಏರಿಕೆ 160. ಗಡಿಯನ್ನು ಕೂದಲೆಳೆಯಲ್ಲಿ ದಾಟಿತು. ಟೋಪಿ ಹಾಕಿಕೊಂಡೇ ಮೂರು ಸಲ ಕಾಲ್ ಮಾಡಿಸಿದೆ, ಮೂರೂ ಸಲ ಸ್ಕ್ರೀನ್ ಆರಿತು.

ಗುರುತು ಹೊಸದಾಗಿ ಹಾಕಿಸುವುದು

ಒರೆಸಿದ ಮೇಲೆ, ಗ್ಲಾಸ್ ಬದಲಾಯಿಸಿದ ಮೇಲೆ, ಫೋನಿಗೆ ಖಾಲಿ ಅಂಕಿಯನ್ನು ಹೊಸದಾಗಿ ಕಲಿಸಬೇಕು. ಶಿಯೋಮಿಯ ಆ ಪರೀಕ್ಷಾ ಪಟ್ಟಿಯಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಪ್ರಾಕ್ಸಿಮಿಟಿ ಕ್ಯಾಲಿಬ್ರೇಷನ್ ಅಂತ ಬಟನ್ ಇದೆ. ಫೋನನ್ನು ಟೇಬಲ್ ಮೇಲೆ ಮುಖ ಮೇಲಾಗಿ ಇಡಿ. ಮೇಲೆ ಒಂದು ಅಡಿವರೆಗೆ ಏನೂ ಇರಬಾರದು, ನೀವೂ ಬಗ್ಗಿ ನೋಡಬಾರದು. ಬಿಸಿಲು ನೇರ ಬೀಳುವ ಕಿಟಕಿ ಹತ್ತಿರ ಬೇಡ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿ ಇರುತ್ತದೆ. ಆಮೇಲೆ ಬಟನ್ ಒತ್ತಿ. ಬಟನ್ ಇಲ್ಲದ ಫೋನ್‌ಗಳನ್ನು ಹೀಗೇ ಟೇಬಲ್ ಮೇಲಿಟ್ಟು ಆಫ್ ಮಾಡಿ ಆನ್ ಮಾಡಿ. ಎಲ್ಲದರಲ್ಲೂ ಇದು ಕೆಲಸ ಮಾಡುವುದಿಲ್ಲ, ಆದರೆ ಕಳೆದುಕೊಳ್ಳುವುದೇನೂ ಇಲ್ಲ.

ಹೊಸ ಗ್ಲಾಸ್ ಹಾಕುವುದಿದ್ದರೆ ಅದನ್ನು ಹಾಕಿದ ಮೇಲೇ ಇದನ್ನು ಮಾಡಿ. ಕೊಳೆ ಇರುವಾಗ ಮಾತ್ರ ಮಾಡಬೇಡಿ, ಕೊಳೆಯನ್ನೇ ಸರಿ ಅಂತ ಕಲಿಸಿದ ಹಾಗಾಗುತ್ತದೆ.

ಹಂತ 6: ಸೆನ್ಸರೇ ಇಲ್ಲದ ಫೋನ್‌ಗಳು

ಇವುಗಳಿಗೆ ಕತೆ ಬೇರೆ. ಅಲ್ಟ್ರಾಸೌಂಡ್ ಬಳಸುವ ಫೋನ್‌ನಲ್ಲಿ ಇಯರ್‌ಪೀಸ್ ನಮಗೆ ಕೇಳದ ದನಿ ಬಿಡುತ್ತದೆ, ಅದು ಕೆನ್ನೆಗೆ ಬಡಿದು ಬಂದಿದ್ದನ್ನು ಮೈಕ್ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ನೋಡಬೇಕಾದ್ದು ಇಯರ್‌ಪೀಸ್ ಜಾಲರಿ ಮತ್ತು ಫೋನಿನ ಮೇಲ್ತುದಿಯ ಮೈಕ್ ತೂತು. ದಪ್ಪ ರಬ್ಬರ್ ಕವರ್ ಆ ತೂತನ್ನು ಮುಚ್ಚಿದ್ದರೆ ಕವರ್ ತೆಗೆದು ಒಂದು ದಿನ ಬಳಸಿ ನೋಡಿ. ಇನ್ನು ಕೆಲವು ಫೋನ್‌ಗಳು ಅಲುಗಾಟ ಮತ್ತು ಸ್ಕ್ರೀನ್ ಮುಟ್ಟಿದ್ದನ್ನು ಸೇರಿಸಿ ಊಹೆ ಮಾಡುತ್ತವೆ. ಅವುಗಳ ಹತ್ತಿರ ಒಂದು ಅಭ್ಯಾಸ ಉಪಯೋಗಕ್ಕೆ ಬರುತ್ತದೆ: ಕಾಲ್ ಹೋದ ಮೇಲೆ ಫೋನನ್ನು ಎತ್ತಿ ನೇರ ಕಿವಿಗೆ ತನ್ನಿ. ಮಲಗಿಕೊಂಡು ದಿಂಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡರೆ ಅದರ ಊಹೆ ತಪ್ಪುವುದೇ ಜಾಸ್ತಿ.

ಈ ಫೋನ್‌ಗಳಿಗೆ 'ಸೆನ್ಸರ್ ಬದಲಾಯಿಸುತ್ತೇವೆ' ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬದಲಾಯಿಸಲು ಅಲ್ಲಿ ಏನೂ ಇಲ್ಲ. ಕೆಲವೊಮ್ಮೆ ಸಿಸ್ಟಂ ಅಪ್‌ಡೇಟ್ ಬಂದಾಗ ಸರಿಹೋಗುತ್ತದೆ, ಕೆಲವೊಮ್ಮೆ ಅಪ್‌ಡೇಟ್ ಆದ ಮೇಲೇ ಕೆಡುತ್ತದೆ.

ರಿಪೇರಿ ಆಗುವವರೆಗೆ, ಅಥವಾ ಆಗದೇ ಹೋದರೆ

ಕಾಲ್ ಸಿಕ್ಕ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಸ್ಕ್ರೀನ್ ನೀವೇ ಆರಿಸಿ, ಆಮೇಲೆ ಕಿವಿಗಿಡಿ. ಕಾಲ್ ನಡೆಯುತ್ತಲೇ ಇರುತ್ತದೆ. ಆದರೆ ಅದಕ್ಕೂ ಮೊದಲು ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿ ಪುಟದಲ್ಲಿ `Power button ends call` ಅಂತ ಇರುತ್ತದೆ, ಅದು ಆನ್ ಇದ್ದರೆ ಬಟನ್ ಒತ್ತಿದ ಕೂಡಲೇ ಕಾಲೇ ಕಟ್. ಆಫ್ ಮಾಡಿ. ಐಫೋನ್‌ನಲ್ಲಿ ಐಒಎಸ್ 16ರಿಂದ ಆಕ್ಸೆಸಿಬಿಲಿಟಿಯ ಟಚ್ ಪುಟದಲ್ಲಿ `Prevent Lock to End Call` ಇದೆ, ಅದನ್ನು ಆನ್ ಮಾಡಬೇಕು. ಒಂದರಲ್ಲಿ ಆಫ್, ಇನ್ನೊಂದರಲ್ಲಿ ಆನ್, ಗೊಂದಲ ಮಾಡಿಕೊಳ್ಳಬೇಡಿ.

ಕಾಲರ್ ಹೆಸರು ತೋರಿಸುವ ಆ್ಯಪನ್ನೇ ಡಯಲರ್ ಮಾಡಿಕೊಂಡಿದ್ದರೆ ಒಂದು ದಿನ ಫೋನಿನ ಸ್ವಂತ ಡಯಲರ್‌ಗೆ ಬದಲಾಯಿಸಿ ನೋಡಿ. ಸ್ಕ್ರೀನ್ ಆರಿಸಿ ಅಂತ ಸಿಸ್ಟಂಗೆ ಕೇಳುವುದು ಡಯಲರ್‌ನ ಕೆಲಸ, ಅದು ಕೇಳದಿದ್ದರೆ ಸೆನ್ಸರ್ ಎಷ್ಟು ಚೆನ್ನಾಗಿದ್ದರೂ ಸ್ಕ್ರೀನ್ ಹೊತ್ತಿಕೊಂಡೇ ಇರುತ್ತದೆ.

ಅಂಗಡಿಯಲ್ಲಿ ರಿಪೇರಿ ಮಾಡಿಸಿದರೆ ದುಡ್ಡು ಕೊಡುವ ಮೊದಲು ಕೌಂಟರ್ ಹತ್ತಿರವೇ ನಿಂತು ಒಂದು ಕಾಲ್ ಮಾಡಿ. ಅಂಗೈಯಿಂದ ಮುಚ್ಚಿ ನೋಡಿ, ಆಮೇಲೆ ನಿಮ್ಮ ಕೂದಲೋ ಟೋಪಿಯೋ ತಾಗುವ ಹಾಗೆ ಕಿವಿಗೆ ಹಿಡಿದು ನೋಡಿ, ತೆಗೆದ ಕೂಡಲೇ ಸ್ಕ್ರೀನ್ ಹೊತ್ತುತ್ತದಾ ಅಂತಲೂ ನೋಡಿ. ಹೊಸ ಟೆಂಪರ್ಡ್ ಗ್ಲಾಸ್ ಹಾಕಿಸುವುದಿದ್ದರೆ ಇದನ್ನೆಲ್ಲ ಗ್ಲಾಸ್ ಹಾಕುವ ಮೊದಲು ಒಂದು ಸಲ, ಹಾಕಿದ ಮೇಲೆ ಒಂದು ಸಲ ಮಾಡಿ. ಮೊದಲು ಸರಿ ಇದ್ದು ಆಮೇಲೆ ಕೆಟ್ಟರೆ ತಪ್ಪು ಯಾರದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಮೇಲ್ಭಾಗದ ಅಂಚಿಗೆ ಕಪ್ಪು ಬಣ್ಣ ಇಲ್ಲದ, ಪೂರ್ತಿ ಪಾರದರ್ಶಕ ಗ್ಲಾಸ್ ಕೇಳಿ ಹಾಕಿಸಿಕೊಳ್ಳಿ. ನಮ್ಮ ಅಣ್ಣ ಮಾತ್ರ ಯಾವ ಗ್ಲಾಸೂ ಬೇಡ ಅಂತ ಹಾಗೇ ತೆಗೆದುಕೊಂಡು ಹೋದರು.